ದುಡ್ಡಿನ ಮೆಸೇಜಿಗೆ ಇನ್ಶಾ ಅಲ್ಲಾ ಸೇರಿಸಬೇಡಿ

ಮುಸ್ಲಿಮರಲ್ಲದವರು ವಾಟ್ಸಾಪಿನಲ್ಲಿ "ಇನ್ಶಾ ಅಲ್ಲಾ" ಅಂತ ಬರೆಯುವುದು ಸರಿಯೋ ತಪ್ಪೋ ಎಂದು ಮೊನ್ನೆ ನಮ್ಮ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಒಬ್ಬರು ಅದು ಸೌಹಾರ್ದ ಅಂದರು. ಇನ್ನೊಬ್ಬರು ಓಲೈಕೆ ಅಂದರು. ಮತ್ತೊಬ್ಬರು ಸುಮ್ನೆ ಸ್ಟೈಲಿಗೆ ಬರೆಯುತ್ತಾರೆ ಬಿಡಿ ಅಂದರು. ಜಗಳ ಆಡಿದವರಲ್ಲಿ ಮುಕ್ಕಾಲು ಜನ ಬೆಂಗಳೂರಿನವರು. ನನ್ನಂಥ ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆಯವರಿಗೆ ಈ ಪ್ರಶ್ನೆಯೇ ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ಅದಕ್ಕೇ ಅಲ್ಲಿ ಬರೆಯದೆ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರಲ್ಲಿ ಒಕ್ಕಲಿಗರು, ರೆಡ್ಡಿಗಳು, ದಲಿತರು ಎಲ್ಲರೂ ಇದ್ದಾರೆ. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ಒಂದಿಷ್ಟು ಉರ್ದು. ಒಬ್ಬರ ಬಾಯಿಯ ಮಾತು ಇನ್ನೊಬ್ಬರ ಬಾಯಿಗೆ ಬರದಿದ್ದರೇ ಆಶ್ಚರ್ಯ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಹೋಗುವ ಹಿಂದೂ ಹೆಂಗಸರಿಗೆ ಯಾರೂ ಈ ಪ್ರಶ್ನೆ ಕೇಳಿಲ್ಲ. ಭಾಯ್‌ಗಳೂ "ದೇವ್ರು ದೊಡ್ಡೋನು ಬಿಡಿ ಗೌಡ್ರೇ" ಅಂತಾರೆ, "ಗಂಗಮ್ಮ ಮಳೆ ಕೊಟ್ರೆ ಸಾಕು" ಅಂತಾರೆ. ಹಾಗಾಗಿ ಯಾರು ಹೇಳಬಹುದು ಅನ್ನುವುದು ನನ್ನ ಪ್ರಶ್ನೆ ಅಲ್ಲ. ಯಾವ ಮಾತಿಗೆ ಸೇರಿಸಿ ಹೇಳುತ್ತೀರಿ ಅನ್ನುವುದು.

ಒಂದು ನಿಜವಾದ ಉದಾಹರಣೆ ಕೊಡುತ್ತೇನೆ, ಹೆಸರು ಬೇಡ. ನಮ್ಮ ಪಕ್ಕದ ತೋಟದ ಅಣ್ಣ ಒಬ್ಬ ಭಾಯ್ ಹತ್ತಿರ ಚಾಕಿ ಹುಳು ತಂದಿದ್ದರು, 200 ಚಿಟ್ಟೆ ಇಟ್ಟ ಮೊಟ್ಟೆಯದು. ಚಾಕಿ ಅಂದರೆ ಮೊಟ್ಟೆಯೊಡೆದು ಎರಡನೇ ಜ್ವರದವರೆಗೂ ಸಾಕಿದ ಎಳೆ ಹುಳು. ಹುಳು ಸೊಪ್ಪು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಅರ್ಧ ದುಡ್ಡು ಕೊಟ್ಟಿದ್ದರು, ಇನ್ನರ್ಧ ಗೂಡು ಮಾರಿದ ಮೇಲೆ ಅಂತ ಮಾತು. ಹುಳು ನಾಲ್ಕನೇ ಜ್ವರದಿಂದ ಎದ್ದ ದಿನ ಅಣ್ಣ ಭಾಯ್‌ಗೆ ಒಂದು ಮೆಸೇಜ್ ಹಾಕಿದರು: "ಹುಳು ಚೆನ್ನಾಗಿ ಎದ್ದಿದೆ ಭಾಯ್. ಮುಂದಿನ ವಾರ ಹಣ್ಣಾಗಿ ಗೂಡಿಗೆ ಬರುತ್ತೆ, ಇನ್ಶಾ ಅಲ್ಲಾ." ಭಾಯ್ ಅದಕ್ಕೆ ಕೈಮುಗಿಯುವ ಗುರುತು ಹಾಕಿ "ಇನ್ಶಾ ಅಲ್ಲಾ, ಒಳ್ಳೇದಾಗ್ಲಿ" ಅಂತ ಬರೆದರು.

ಈ ಮೆಸೇಜಿನಲ್ಲಿ ಆ ಮಾತು ಎಷ್ಟು ಸರಿಯಾಗಿ ಕೂತಿದೆ ಅನ್ನುವುದು ಹುಳು ಸಾಕಿದವರಿಗೆ ಗೊತ್ತು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರವೇ ಬೆಳೆಯ ಅಳಿವು ಉಳಿವು. ಹುಳು ಬದುಕಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಬಹುಪಾಲು ಆಗಲೇ ತಿನ್ನುತ್ತದೆ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬಹುದು, ಸುಣ್ಣ ಎರಚಬಹುದು, ಊಜಿ ನೊಣ ಬರದಂತೆ ಬಲೆ ಕಟ್ಟಬಹುದು. ಅಷ್ಟೆಲ್ಲ ಮಾಡಿಯೂ ಹಾಲು ತೊಂಡೆ ರೋಗ ಬಂದರೆ ಹುಳು ಮೈಯೆಲ್ಲ ಬಿಳಿ ಹಾಲು ಸೋರಿಸಿಕೊಂಡು ತಟ್ಟೆ ಅಂಚಿಗೆ ಹರಿದು ಸಾಯುತ್ತದೆ. ಗೂಡು ಕಟ್ಟಲು ಹುಳುವನ್ನು ಚಂದ್ರಿಕೆ ತಟ್ಟಿಗೆ ಬಿಟ್ಟ ದಿನ ಮೋಡ ಮುಚ್ಚಿ ತೇವ ಹಿಡಿದರೆ ಗೂಡು ಕಟ್ಟಿದರೂ ನೂಲು ಸರಿಯಾಗಿ ಬಿಚ್ಚಿ ಬರುವುದಿಲ್ಲ. ಮನುಷ್ಯ ತನ್ನ ಕೈಲಾದದ್ದನ್ನು ಮಾಡಿದ್ದಾನೆ, ಮುಂದಿನದು ಅವನ ಕೈಲಿಲ್ಲ. ಇನ್ಶಾ ಅಲ್ಲಾಗೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ?

ಬೆಳೆ ಚೆನ್ನಾಗಿಯೇ ಬಂತು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದರು, ಹರಾಜಾಯಿತು, ದುಡ್ಡು ಬ್ಯಾಂಕ್ ಖಾತೆಗೆ ಬಂತು. ಭಾಯ್ ಬಾಕಿ ಕೇಳಿದಾಗ ಅಣ್ಣ ಬರೆದದ್ದು: "ಬರೋ ವಾರ ಕೊಡ್ತೀನಿ, ಇನ್ಶಾ ಅಲ್ಲಾ."

ಭಾಯ್ ಉತ್ತರ ನೋಡಿ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. "ಹುಳು ವಿಷಯದಲ್ಲಿ ಅಲ್ಲಾಹ್‌ನ ಇಷ್ಟ. ದುಡ್ಡಿನ ವಿಷಯದಲ್ಲಿ ನಿಮ್ಮಿಷ್ಟ ಗೌಡ್ರೇ. ತಾರೀಖು ಹೇಳಿ."

ಅದೇ ಮನುಷ್ಯ, ಅದೇ ಮಾತು, ಅದೇ ಭಾಯ್. ಮೊದಲನೆಯದು ಹೃದಯದಿಂದ ಬಂದದ್ದು, ಎರಡನೆಯದು ನುಣುಚಿಕೊಳ್ಳುವುದಕ್ಕೆ ಬಳಸಿದ್ದು. ಖಾತೆಯಲ್ಲಿ ದುಡ್ಡು ಕೂತಿದೆ, ಬೆರಳಾಡಿಸಿದರೆ ಹೋಗುತ್ತದೆ. ಅಲ್ಲಿ ದೇವರ ಇಚ್ಛೆಗೆ ಬಿಡುವಂಥದ್ದು ಏನಿದೆ?

ಭಾಯ್ ತಮಾಷೆಗೆ ಹೇಳಿದರೂ ಅದರ ಹಿಂದೆ ಗಟ್ಟಿ ಲೆಕ್ಕ ಇದೆ. ಈ ಮಾತಿನ ಮೂಲ ಕುರಾನಿನ 18ನೇ ಅಧ್ಯಾಯ, ಅಲ್-ಕಹ್ಫ್. ಅದರ 23 ಮತ್ತು 24ನೇ ವಚನಗಳಲ್ಲಿ, ಯಾವುದೇ ಕೆಲಸದ ಬಗ್ಗೆ ನಾಳೆ ಮಾಡುತ್ತೇನೆ ಅಂತ ಹೇಳಬೇಡ, ದೇವರು ಬಯಸಿದರೆ ಅನ್ನುವುದನ್ನು ಸೇರಿಸದೆ, ಅಂತ ಬರುತ್ತದೆ. ಪ್ರವಾದಿಯವರನ್ನು ಯಾರೋ ಪ್ರಶ್ನೆ ಕೇಳಿದಾಗ ಅವರು ನಾಳೆ ಹೇಳುತ್ತೇನೆ ಅಂದರು, ಆಮೇಲೆ ಹಲವು ದಿನ ಉತ್ತರವೇ ಇಳಿದು ಬರಲಿಲ್ಲ, ಆ ಸಂದರ್ಭದ್ದು ಈ ವಚನ ಎಂದು ವ್ಯಾಖ್ಯಾನಗಳಲ್ಲಿ ಹೇಳುತ್ತಾರೆ. ಅಂದರೆ ಇದು ನಾಳೆಯನ್ನು ಕೈಯಲ್ಲಿಟ್ಟುಕೊಂಡವನ ಹಾಗೆ ಮಾತಾಡಬೇಡ ಅನ್ನುವ ಬುದ್ಧಿಮಾತು. ಕೆಲಸ ತಪ್ಪಿಸಿಕೊಳ್ಳಲು ಕೊಟ್ಟ ರಜಾಚೀಟಿ ಅಲ್ಲ.

ಇನ್ನೊಂದು ವಿಷಯ ನನಗೆ ಇದೇ ಭಾಯ್ ಹೇಳಿದ್ದು. ಇಸ್ಲಾಮಿನ ನಿಯಮದಲ್ಲಿ ಆಣೆ ಹಾಕುವಾಗ ಅದರ ಜೊತೆಗೇ ಇನ್ಶಾ ಅಲ್ಲಾ ಅಂದುಬಿಟ್ಟರೆ, ಆ ಆಣೆ ಮುರಿದರೂ ಪ್ರಾಯಶ್ಚಿತ್ತ ಇಲ್ಲ. ಮಾತಿನಲ್ಲೇ ಒಂದು ಬಾಗಿಲು ತೆರೆದಿಟ್ಟ ಹಾಗೆ. ಅದಕ್ಕೇ ವ್ಯಾಪಾರ ಗೊತ್ತಿರುವ ಮುಸ್ಲಿಮರಿಗೆ ದುಡ್ಡಿನ ಮಾತಿನ ಕೊನೆಯಲ್ಲಿ ಇನ್ಶಾ ಅಲ್ಲಾ ಕಂಡರೆ ಕಿವಿ ನೆಟ್ಟಗಾಗುತ್ತದೆ. ಅದೇ ಕುರಾನಿನಲ್ಲಿ ಎಲ್ಲಕ್ಕಿಂತ ಉದ್ದದ ವಚನ ಯಾವುದು ಗೊತ್ತಾ? ಎರಡನೇ ಅಧ್ಯಾಯದ 282ನೆಯದು. ಅದು ಸಾಲದ ಬಗ್ಗೆ. ಅವಧಿ ಗೊತ್ತುಮಾಡಿ, ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ ಅಂತ ಒಂದೊಂದನ್ನೂ ಬಿಡಿಸಿ ಹೇಳುತ್ತದೆ. ತಾರೀಖು ಕೇಳಿದ ಭಾಯ್ ಧರ್ಮ ಬಿಟ್ಟು ವ್ಯಾಪಾರಕ್ಕೆ ಇಳಿದಿರಲಿಲ್ಲ. ಧರ್ಮದ ಪ್ರಕಾರವೇ ಕೇಳಿದ್ದರು.

ನಮ್ಮವರು ಇಲ್ಲೇ ಎಡವುವುದು. "ಅವರ ಭಾಷೆಯಲ್ಲೇ ಹೇಳಿದರೆ ಮೆತ್ತಗಾಗುತ್ತಾರೆ" ಅನ್ನುವ ಲೆಕ್ಕಾಚಾರ. ಎದುರಿನವರ ನಂಬಿಕೆಯನ್ನು ವಾಯಿದೆ ಕೇಳಲು ಬಳಸಿಕೊಂಡ ಹಾಗಾಗುತ್ತದೆ ಅದು. ಕೊಡಲು ಆಗದಿದ್ದರೆ ಆಗಲ್ಲ ಅನ್ನಿ. "25ಕ್ಕೆ ಕೊಡ್ತೀನಿ" ಅಂದಮೇಲೆ ಬೇಕಾದರೆ ಇನ್ಶಾ ಅಲ್ಲಾ ಸೇರಿಸಿ, ಆಗ ಅದಕ್ಕೆ ಬೆಲೆ ಇದೆ. ತಾರೀಖಿನ ಬದಲಿಗೆ ಬಂದರೆ ಇಲ್ಲ.

ಇದರ ಅಣ್ಣತಮ್ಮ ಇನ್ನೊಂದಿದೆ. ಆಗದ ಕೆಲಸಕ್ಕೆ ವ್ಯಂಗ್ಯವಾಗಿ ಹೇಳುವುದು. "ರಸ್ತೆ ಯಾವಾಗ ಆಗುತ್ತೆ?" "ಇನ್ಶಾ ಅಲ್ಲಾ!" 2020ರ ಸೆಪ್ಟೆಂಬರ್ 29ರ ಚರ್ಚೆಯಲ್ಲಿ ಟ್ರಂಪ್ ತಮ್ಮ ತೆರಿಗೆ ವಿವರ ತೋರಿಸುತ್ತೇನೆ ಅಂದಾಗ ಬೈಡನ್ ಹೀಗೇ ಕೇಳಿದ್ದರು, "ಯಾವಾಗ? ಇನ್ಶಾ ಅಲ್ಲಾ?" ಅಂತ. ಅದನ್ನು ಕೇಳಿ ನಕ್ಕ ಮುಸ್ಲಿಮರೂ ಇದ್ದಾರೆ, ಮುಖ ಸಿಂಡರಿಸಿದವರೂ ಇದ್ದಾರೆ. ಅವರ ಮನೆಗಳಲ್ಲೇ ಅಪ್ಪ "ಸೈಕಲ್ ಕೊಡಿಸ್ತೀನಿ ಇನ್ಶಾ ಅಲ್ಲಾ" ಅಂದರೆ ಮಕ್ಕಳಿಗೆ ಸೈಕಲ್ ಬರಲ್ಲ ಅಂತ ಗೊತ್ತಾಗುತ್ತದೆ ಅನ್ನುವ ಜೋಕು ಓಡಾಡುತ್ತದೆ. ಆದರೆ ಮನೆಯವರು ಮನೆಯೊಳಗೆ ಮಾಡುವ ತಮಾಷೆಯನ್ನು ಹೊರಗಿನವರು ಗುಂಪಿನಲ್ಲಿ ಮಾಡಿದರೆ ಅದರ ರುಚಿ ಬೇರೆ ಆಗುತ್ತದೆ. ನಮ್ಮ ದೇವರ ಹೆಸರನ್ನು ಯಾರಾದರೂ ಹಾಗೆ ಎಳೆದರೆ ನಾವು ಸುಮ್ನಿರ್ತೀವಾ?

ಮಾಷಾ ಅಲ್ಲಾ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ. ಅದು ಕಣ್ಣೆದುರಿಗಿರುವ ಒಳ್ಳೆಯದನ್ನು ನೋಡಿ ಹೇಳುವ ಮಾತು. ಹುಳುಮನೆಗೆ ಬಂದ ಭಾಯ್ ತಟ್ಟೆ ತುಂಬಿದ ಹುಳು ನೋಡಿ ಮಾಷಾ ಅಲ್ಲಾ ಅಂದರೆ ನಮ್ಮ ಅತ್ತೆಗೆ ಸಮಾಧಾನ. ಏನೂ ಹೇಳದೆ "ಅಬ್ಬಾ, ಎಷ್ಟೊಂದು!" ಅಂದರೆ ಅವರಿಗೆ ದೃಷ್ಟಿಯ ಭಯ. ಭಾಯ್ ಮಗುವಿನ ಫೋಟೋ ಹಾಕಿದಾಗ ನಾವೂ ಅದನ್ನೇ ಬರೆದರೆ ಅವರ ಮನೆಯ ಅಜ್ಜಿಗೂ ಅದೇ ಸಮಾಧಾನ. ಇಷ್ಟು ಗಮನವಿರಲಿ: ಇನ್ಶಾ ಅಲ್ಲಾ ಆಗಬೇಕಾದದ್ದಕ್ಕೆ, ಮಾಷಾ ಅಲ್ಲಾ ಆಗಿರುವುದಕ್ಕೆ. "ಪಾರ್ಸೆಲ್ ತಲುಪಿದೆ ಇನ್ಶಾ ಅಲ್ಲಾ" ಅಂತ ಬರೆಯುವವರನ್ನು ನೋಡಿದ್ದೇನೆ. ತಲುಪಿದ್ದರೆ ಇನ್ನೇನು ಇಚ್ಛೆ ಮಾರಾಯರೇ?

ಸಾವಿನ ಸುದ್ದಿಗೆ ಮಾತ್ರ ನನ್ನ ಅಭಿಪ್ರಾಯ ಬಿಗಿ. "ಇನ್ನಾ ಲಿಲ್ಲಾಹಿ" ಅಂತ ಶುರುವಾಗುವ ಸಾಲನ್ನು ಮೇಲಿನವರು ಹಾಕಿದ್ದನ್ನು ಕಾಪಿ ಮಾಡಿ ಹಾಕುತ್ತಾರೆ. ಅದರಲ್ಲಿ ಇರುವುದು, ನಾವು ಅಲ್ಲಾಹನಿಗೆ ಸೇರಿದವರು, ಅವನ ಕಡೆಗೇ ಮರಳುವವರು ಅನ್ನುವ ಮಾತು. ನಂಬಿಕೆ ಇರುವವರು ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದು. ನಂಬದವರು ಅದನ್ನು ಅಂಟಿಸಿದರೆ ಅರ್ಥ ಗೊತ್ತಿಲ್ಲದೆ ಸಹಿ ಮಾಡಿದಂತೆ. ಹಾಗೆಯೇ ಭಾಯ್ ತೀರಿಕೊಂಡ ಪೋಸ್ಟಿನ ಕೆಳಗೆ ಸಾಲುಸಾಲು "ಓಂ ಶಾಂತಿ" ಹಾಕುವುದೂ ನನಗೆ ಸರಿ ಕಾಣುವುದಿಲ್ಲ. "ಸುದ್ದಿ ಕೇಳಿ ಬೇಜಾರಾಯ್ತು, ಮಣ್ಣಿಗೆ ಬರ್ತೀನಿ" ಅಂತ ಕನ್ನಡದಲ್ಲಿ ಬರೆದು ಹೋಗಿ ಬಂದರೆ ಸಾಕಲ್ವಾ?

ಇನ್ನು ಹೆಸರು ನೋಡಿ ಶುರುಮಾಡುವವರು. ಯಾವುದೋ ವಿಮೆ ಏಜೆಂಟ್, ಯಾವುದೋ ಔಷಧಿ ಮಾರುವವರು. ಪರಿಚಯವಿಲ್ಲದವರ ನಂಬರಿಗೆ, ಹೆಸರು ಮುಸ್ಲಿಮರದ್ದು ಎಂಬ ಒಂದೇ ಕಾರಣಕ್ಕೆ, ಸಲಾಂ ಹಾಕಿ ನಾಲ್ಕು ಇನ್ಶಾ ಅಲ್ಲಾ ಸುರಿಯುತ್ತಾರೆ. ಪಡೆದುಕೊಂಡವರಿಗೆ ಗೊತ್ತಾಗುತ್ತದೆ, ಇವನು ನನ್ನ ಹತ್ತಿರ ಅಲ್ಲ, ನನ್ನ ಹೆಸರಿನ ಹತ್ತಿರ ಮಾತಾಡುತ್ತಿದ್ದಾನೆ ಅಂತ. ನಮ್ಮ ಚಾಕಿ ಭಾಯ್ ಇಂಥ ಮೆಸೇಜುಗಳನ್ನು ಓದದೇ ಅಳಿಸುತ್ತಾರೆ.

ಗುಂಪಿನಲ್ಲಿ ಕೊನೆಗೆ ಒಬ್ಬ ಹುಡುಗ ಕೇಳಿದ್ದ: ಅವರು ಇನ್ಶಾ ಅಲ್ಲಾ ಅಂತ ಹಾಕಿದರೆ ನಾನೂ ಅದನ್ನೇ ವಾಪಸ್ ಹಾಕಬೇಕಾ, ಹಾಕದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಾ? ಬೇಕಾಗಿಲ್ಲ ತಮ್ಮಾ. "ಆಗ್ಲಿ ಭಾಯ್" ಅನ್ನು, ಸಾಕು.