ಗುಬ್ಬಿ ನೋಡಿ ಬಂದ ಚಟ್ನಿಪುಡಿ

ನಾವು ಮನೆಯಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಮಾಡಿ, ಆರ್ಡರ್ ಮಾಡಿದವರಿಗೆ ಕೊರಿಯರ್‌ನಲ್ಲಿ ಕಳಿಸುತ್ತೇವೆ, ದುಡ್ಡು ಬಾಗಿಲಲ್ಲಿ. ಅದರಲ್ಲಿ ಒಂದು ಪಾರ್ಸಲ್ ನಿನ್ನೆ ಗುಬ್ಬಿಯಿಂದ ವಾಪಸ್ ಬಂತು. ಹದಿನೇಳು ದಿನದ ಪ್ರವಾಸ. ಡಬ್ಬದ ಒಂದು ಮೂಲೆ ಜಜ್ಜಿದೆ, ಮೈತುಂಬಾ ಸ್ಟಿಕ್ಕರ್. ಮೇಲೊಂದು ಷರಾ: ‘ಕಸ್ಟಮರ್ ನಾಟ್ ಅವೈಲೆಬಲ್’.

ತುಮಕೂರಿಂದ ಗುಬ್ಬಿ 20 ಕಿಲೋಮೀಟರ್. ಬಸ್ಸಲ್ಲಿ ಕೂತು ಕಣ್ಣು ಮುಚ್ಚಿದರೆ ಊರು ದಾಟಿಹೋಗುತ್ತದೆ. ಆದರೆ ಪಾರ್ಸಲ್ಲಿಗೆ ಹಾಗೆ ನೇರವಾಗಿ ಹೋಗುವ ಭಾಗ್ಯವಿಲ್ಲ. ಅದು ಮೊದಲು ಬೆಂಗಳೂರಿಗೆ ಹೋಗಿ ದೊಡ್ಡ ಗೋದಾಮಿನಲ್ಲಿ ಮುಖ ತೋರಿಸಬೇಕು. 70 ಕಿಲೋಮೀಟರ್ ಆ ಕಡೆ ಹೋಗಿ, ಅದೇ 70 ಕಿಲೋಮೀಟರ್ ಈ ಕಡೆ ಬಂದು, ನಮ್ಮ ಬಟವಾಡಿ ಮುಂದೆಯೇ ಹಾದು, ಆಮೇಲೆ ಗುಬ್ಬಿ. ಹೋಗುವಾಗ ಹೀಗೆ. ವಾಪಸ್ ಬರುವಾಗಲೂ ಹೀಗೇ. ಲೆಕ್ಕ ಹಾಕಿದೆ, 320 ಕಿಲೋಮೀಟರ್. ನಾನೇ ಸ್ಕೂಟರಿನಲ್ಲಿ ಕೊಟ್ಟು, ಬರುವಾಗ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದಿದ್ದರೂ ಖರ್ಚು ಇಷ್ಟಾಗುತ್ತಿರಲಿಲ್ಲ.

ಹೀಗೆ ವಾಪಸ್ ಬರುವುದಕ್ಕೆ ಕೊರಿಯರ್‌ನವರು ಆರ್‌ಟಿಒ ಅಂತಾರೆ, ‘ರಿಟರ್ನ್ ಟು ಒರಿಜಿನ್’. ನಮ್ಮ ಅಪ್ಪನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ‘ಈ ತಿಂಗಳು ಆರ್‌ಟಿಒಗೇ ಆರುನೂರು ಹೋಯ್ತು’ ಅಂತ ನಾನು ಅಂದಾಗಲೆಲ್ಲ, ‘ಹೆಲ್ಮೆಟ್ ಹಾಕ್ಕೊಳ್ಳೋ ಅಂದ್ರೆ ಕೇಳಲ್ಲ’ ಅಂತ ಬೈಯುತ್ತಾರೆ. ಬಿಡಿಸಿ ಹೇಳಲು ಹೋಗಿಲ್ಲ. ದಂಡ ಅಂದರೆ ದಂಡವೇ ಅಲ್ವಾ?

ಗುಬ್ಬಿಯ ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ‘ಅಯ್ಯೋ, ನಾನು ಎಲ್ಲಿಗೆ ಹೋಗ್ಲಣ್ಣಾ, ಮನೇಲೇ ಇದ್ದೀನಲ್ಲ. ಯಾರೂ ಬರ್ಲೇ ಇಲ್ಲ. ನೀವೇ ಕಳಿಸಿಲ್ಲ ಅಂದ್ಕೊಂಡೆ’ ಅಂದರು. ನನ್ನ ಮೊಬೈಲಿನಲ್ಲಿ ನೋಡಿದರೆ ಮೂರು ದಿನ ಮೂರು ಸಲ ಹೋಗಿ ಬಾಗಿಲು ತಟ್ಟಿದ ದಾಖಲೆ ಇದೆ. ಮೂರೂ ರಾತ್ರಿ ಎಂಟೂವರೆ ಆದ ಮೇಲೆ, ಎರಡೆರಡು ನಿಮಿಷದ ಅಂತರದಲ್ಲಿ ಬೇರೆ ಬೇರೆ ಹಳ್ಳಿಯ ಪಾರ್ಸಲ್‌ಗಳ ಜೊತೆ. ಆಂಜನೇಯನಿಗೂ ಅಷ್ಟು ವೇಗ ಇರಲಿಲ್ಲ.

ಸುಳ್ಳು ಷರಾ ಗುರುತಿಸುವುದು ಹೀಗೇ. ಹಗಲಲ್ಲಿ ಒಂದೂ ಕರೆ ಇಲ್ಲ, ಸಂಜೆ ಲೆಕ್ಕ ಮುಚ್ಚುವ ಹೊತ್ತಿಗೆ ಸಾಲಾಗಿ ‘ಮನೆ ಬೀಗ’, ‘ಫೋನ್ ಎತ್ತಲಿಲ್ಲ’. ಮೊದಲ ಷರಾ ಬಿದ್ದ ದಿನವೇ ಗ್ರಾಹಕರಿಗೆ ನಾವು ಫೋನ್ ಮಾಡಿ, ಮತ್ತೊಂದು ಸಲ ಕಳಿಸಿ ಅಂತ ಆ್ಯಪಿನಲ್ಲಿ ಒತ್ತಬೇಕು. ಮೂರನೆಯದು ಬಿದ್ದರೆ ಮುಗಿಯಿತು, ಪಾರ್ಸಲ್ ತವರಿನ ದಾರಿ ಹಿಡಿಯುತ್ತದೆ. ನಾನು ಎರಡನೆಯ ದಿನ ನೋಡಲಿಲ್ಲ. ಅವತ್ತು ಮನೆಯಲ್ಲಿ ಹುಚ್ಚೆಳ್ಳು ಹುರಿಯುತ್ತಿದ್ದೆವು.

ವಾಪಸ್ ತಂದ ಹುಡುಗನನ್ನು ನಿಲ್ಲಿಸಿ, ‘ನಿಮ್ಮವರೇ ಹೀಗೆ ಬರೀತಾರಲ್ಲಪ್ಪಾ’ ಅಂದೆ. ಅವನು ಮುಚ್ಚಿಡಲಿಲ್ಲ. ‘ಸಾರ್, ದಿನಕ್ಕೆ ಎಂಬತ್ತು ಪಾರ್ಸಲ್. ಡೆಲಿವರಿ ಆದ್ರೆ ಮಾತ್ರ ದುಡ್ಡು. ಒಂದು ಪುಡಿ ಡಬ್ಬ ಕೊಡೋಕೆ ಹಳ್ಳಿಗೆ ಹನ್ನೆರಡು ಕಿಲೋಮೀಟರ್ ಹೋದ್ರೆ ಪೆಟ್ರೋಲ್‌ಗೂ ಗಿಟ್ಟಲ್ಲ. ಅಡ್ರೆಸ್ ನೋಡಿ ಬೇಕಾದ್ರೆ.’ ನೋಡಿದೆ. ‘ಅರಳಿಕಟ್ಟೆ ಹತ್ತಿರ, ಹಳೇ ಹಾಲಿನ ಡೈರಿ ಹಿಂದೆ’. ಅದರಲ್ಲೂ ಆ ಡೈರಿ ಈಗ ಇಲ್ಲವಂತೆ. ಸಿಟ್ಟು ಆ ಹುಡುಗನ ಮೇಲಿಂದ ಅಲ್ಲೇ ಇಳಿಯಿತು. ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಇನ್ನೂ ಹಿಡಿದುಕೊಂಡಿದ್ದೇನೆ.

ಗ್ರಾಹಕ ಮಹಾಶಯರನ್ನೂ ಸ್ವಲ್ಪ ಹೊಗಳಬೇಕು. ರಾತ್ರಿ ಹನ್ನೊಂದಕ್ಕೆ ಹಸಿವಾದಾಗ ಆರ್ಡರ್ ಮಾಡುತ್ತಾರೆ. ಪಾರ್ಸಲ್ ಬಾಗಿಲಿಗೆ ಬಂದಾಗ ಹೊಟ್ಟೆ ತುಂಬಿರುತ್ತದೆ. ‘ಮಗ ಆಡ್ತಾ ಆಡ್ತಾ ಒತ್ಬಿಟ್ಟ.’ ‘ನಮ್ ಯಜಮಾನ್ರು ಬೇಡ ಅಂದ್ರು.’ ‘ಚೇಂಜ್ ಇರ್ಲಿಲ್ಲ.’ ಒಬ್ಬರಂತೂ, ‘ಈಗ ಪಿತೃಪಕ್ಷ, ಮುಗಿದ ಮೇಲೆ ಕಳಿಸಿ’ ಅಂದರು. ಪಿತೃಗಳಿಗೂ ನನ್ನ ಚಟ್ನಿಪುಡಿಗೂ ಏನು ದ್ವೇಷವೋ!

ಇದೇನೂ ಹೊಸ ರೋಗವಲ್ಲ. ನಮ್ಮ ಅಂಚೆ ಇಲಾಖೆಯಲ್ಲಿ ವಿ.ಪಿ.ಪಿ. ಅನ್ನುವುದು 1877ರಲ್ಲೇ ಶುರುವಾಗಿತ್ತು. ಪೋಸ್ಟ್‌ಮ್ಯಾನ್ ದುಡ್ಡು ಇಸ್ಕೊಂಡು ಪಾರ್ಸಲ್ ಕೊಡುತ್ತಿದ್ದ, ದುಡ್ಡು ಮನಿಯಾರ್ಡರ್ ಆಗಿ ಅಂಗಡಿಯವನಿಗೆ ಹೋಗುತ್ತಿತ್ತು. ನಮ್ಮ ಚಿಕ್ಕಪ್ಪ ಪತ್ರಿಕೆಯ ಜಾಹೀರಾತು ನೋಡಿ ಹೀಗೇ ಟ್ರಾನ್ಸಿಸ್ಟರ್ ತರಿಸಿದ್ದರು. ದುಡ್ಡು ಕಟ್ಟಿ, ಬೀದಿಯವರನ್ನೆಲ್ಲ ಕರೆದು ಬಿಚ್ಚಿದರೆ ಒಳಗೆ ಇಟ್ಟಿಗೆ. ಒಳ್ಳೆಯ ಇಟ್ಟಿಗೆ, ಸುಳ್ಳು ಹೇಳಬಾರದು. ಬಹಳ ವರ್ಷ ನಮ್ಮ ಹಿತ್ತಿಲ ಬಾಗಿಲಿಗೆ ಅದನ್ನೇ ಆನಿಸಿ ಇಡುತ್ತಿದ್ದೆವು. ಹಾಗಾಗಿ ಇವತ್ತಿಗೂ ‘ಮೊದಲು ಬಿಚ್ಚಿ ತೋರಿಸು, ಆಮೇಲೆ ದುಡ್ಡು’ ಅನ್ನುವವರನ್ನು ನಾನು ಬೈಯಲಾರೆ. ಹುಡುಗ ‘ಮೊದಲು ದುಡ್ಡು’ ಅನ್ನುತ್ತಾನೆ. ಇಬ್ಬರೂ ನಿಯಮದವರೇ. ಡಬ್ಬ ಮಾತ್ರ ಬೆಂಗಳೂರಿಗೆ ಹೊರಡುತ್ತದೆ.

ಸರಿ, ಲೆಕ್ಕಕ್ಕೆ ಬರೋಣ. ನಮ್ಮ ಎರಡು ಡಬ್ಬದ ಬೆಲೆ 499 ರೂಪಾಯಿ. ಪುಡಿ, ಡಬ್ಬ, ಕೂಲಿ ಸೇರಿ 210. ರಟ್ಟಿನ ಪೆಟ್ಟಿಗೆ, ಟೇಪು 18. ಕಳಿಸುವ ಚಾರ್ಜ್ ತೆರಿಗೆ ಸೇರಿ 72. ದುಡ್ಡು ವಸೂಲಿ ಮಾಡಿಕೊಡುವುದಕ್ಕೆ 35. ಒಂದು ಆರ್ಡರ್ ಬರಲು ಜಾಹೀರಾತಿಗೆ ಸುಮಾರು 50. ಎಲ್ಲ ಕಳೆದು ಕೈಗೆ 114. ಪರವಾಗಿಲ್ಲ, ಅಲ್ವಾ?

ವಾಪಸ್ ಬಂದರೆ? ವಸೂಲಿಯ 35 ಬಿಟ್ಟುಕೊಡುತ್ತಾರೆ, ದೊಡ್ಡ ಮನಸ್ಸು. ಹೋದ ಚಾರ್ಜ್ 72 ಹೋದ ಹಾಗೇ. ಬಂದ ಚಾರ್ಜ್ 65. ಪೆಟ್ಟಿಗೆ, ಜಾಹೀರಾತು ಸೇರಿದರೆ 205 ರೂಪಾಯಿ ನಷ್ಟ. ಅಂದರೆ ಒಂದು ‘ಬೇಡ’ ಹೆಚ್ಚುಕಡಿಮೆ ಎರಡು ‘ಬೇಕು’ಗಳನ್ನು ನುಂಗುತ್ತದೆ. ಹತ್ತು ಆರ್ಡರಿನಲ್ಲಿ ಏಳು ತಲುಪಿ ಮೂರು ವಾಪಸ್ ಬಂದರೆ, ಬಂದದ್ದು 798, ಹೋದದ್ದು 615, ಉಳಿದದ್ದು 183. ಬೀರುವಿನಲ್ಲಿ ಇಟ್ಟು ಬೀಗ ಹಾಕಬಹುದಾದ ಮೊತ್ತ.

ಅದೂ ವಾಪಸ್ ಬಂದ ಮೂರೂ ಮಾಲು ಚೆನ್ನಾಗಿದ್ದರೆ. ಇದು ತಿನ್ನುವ ಪದಾರ್ಥ. ಮುಚ್ಚಳ ಸಡಿಲವಾಗಿದ್ದರೆ, ಸೀಲು ಹರಿದಿದ್ದರೆ ಇನ್ನೊಬ್ಬರಿಗೆ ಕಳಿಸಲು ಮನಸ್ಸು ಬರುವುದಿಲ್ಲ. ಒಂದು ಆರ್ಡರಿನ 210 ರೂಪಾಯಿ ಮಾಲು ಹಾಗೆ ಕೆಟ್ಟರೆ, 183ರಲ್ಲಿ ಅದನ್ನು ಕಳೆದು ನೋಡಿ. ಮೈನಸ್ 27. ಹತ್ತು ಜನ ಆರ್ಡರ್ ಮಾಡಿದರು, ಏಳು ಜನ ಚಪ್ಪರಿಸಿದರು, ಅವರೆಲ್ಲರ ಪರವಾಗಿ ನಾನು 27 ರೂಪಾಯಿ ಕಾಣಿಕೆ ಹಾಕಿದೆ. ಸೀಲು ಹರಿದದ್ದು ನಮ್ಮ ಮನೆಯಲ್ಲೇ ಖರ್ಚಾಗುತ್ತದೆ. ರೊಟ್ಟಿಗೆ ಅದೇ, ಅನ್ನಕ್ಕೆ ಅದೇ. ಮೊನ್ನೆ ನನ್ನ ಹೆಂಡತಿ, ‘ರೀ, ಉಪ್ಪಿಟ್ಟಿಗೂ ಹಾಕ್ಲಾ?’ ಅಂದಳು. ನಾನು ಉತ್ತರ ಕೊಡಲಿಲ್ಲ.

ಇನ್ನು ಆ ಏಳು ಜನ ಕೊಟ್ಟ ದುಡ್ಡು. ಇಲ್ಲಿದೆ ನಿಜವಾದ ಕಲೆ. ರಾಯಚೂರಿನ ಒಬ್ಬರು ನಾಲ್ಕನೇ ತಾರೀಕು 499 ಎಣಿಸಿ ಕೊಟ್ಟಿದ್ದಾರೆ. ಅದು ನನಗೆ ಸಿಗುವುದು ಡೆಲಿವರಿ ಆಗಿ ಎಂಟು ದಿನ ಕಳೆದು, ಆಮೇಲೆ ಬರುವ ಪಾವತಿಯ ದಿನ, ಅವತ್ತು ಬ್ಯಾಂಕ್ ರಜೆ ಇಲ್ಲದಿದ್ದರೆ. ಬೇಗ ಬೇಕಾದರೆ ಅದಕ್ಕೂ ಒಂದು ಸೌಲಭ್ಯ ಇದೆ. ನನ್ನ ದುಡ್ಡು ನನಗೆ ಎರಡೇ ದಿನಕ್ಕೆ ಕೊಡಲು ಶೇಕಡಾ ಇಷ್ಟು ಅಂತ ಶುಲ್ಕ. ನನ್ನ ದುಡ್ಡನ್ನೇ ನನಗೆ ಬಡ್ಡಿಗೆ ಬಿಡುವ ಈ ಬುದ್ಧಿ ಹಳೇ ಕಾಲದ ಲೇವಾದೇವಿಯವರಿಗೂ ಹೊಳೆದಿರಲಿಲ್ಲ.

ಬರುವಾಗಲೂ ಪೂರ್ತಿ ಬರುವುದಿಲ್ಲ. ಏಳು ಆರ್ಡರಿಗೆ 3,493 ಬರಬೇಕು. ಅದರಲ್ಲಿ ಹತ್ತೂ ಪಾರ್ಸಲ್ಲಿನ ಕಳಿಸಿದ ಚಾರ್ಜ್, ಏಳರ ವಸೂಲಿ ಚಾರ್ಜ್, ಮೂರರ ವಾಪಸ್ ಚಾರ್ಜ್, ಒಟ್ಟು 1,160 ಹಿಡಿದು ಬ್ಯಾಂಕಿಗೆ 2,333 ಹಾಕುತ್ತಾರೆ. ಇಷ್ಟು ಚೊಕ್ಕವಾಗಿ ಹಾಕಿದರೆ ಕಾಲಿಗೆ ಬೀಳುತ್ತಿದ್ದೆ. ನಡೆಯುವುದು ಬೇರೆ. ದುಡ್ಡು ಹೋದ ವಾರ ತಲುಪಿದ ಪಾರ್ಸಲ್‌ಗಳದ್ದು, ಹಿಡಿದದ್ದು ಈ ವಾರ ಹೊರಟು ಇನ್ನೂ ದಾರಿಯಲ್ಲಿರುವ ಪಾರ್ಸಲ್‌ಗಳದ್ದು. ಬ್ಯಾಂಕಿಗೆ ಬಂದ ಮೊತ್ತ ಯಾವ ಆರ್ಡರಿಗೂ ತಾಳೆಯಾಗುವುದಿಲ್ಲ.

ಮೊದಲ ಎರಡು ತಿಂಗಳು ನಾನು ಪಾರ್ಸಲ್ ಹೊರಟ ದಿನವೇ ಪುಸ್ತಕದಲ್ಲಿ 499 ಜಮಾ ಬರೆದು, ರಾತ್ರಿ ಕೂಡಿಸಿ ಖುಷಿಪಟ್ಟೆ. ವಾಪಸ್ ಬಂದಾಗ ಹೊಡೆದುಹಾಕಿ ಹಾಕಿ ಪುಸ್ತಕ ಎರಡನೇ ಕ್ಲಾಸಿನ ಹುಡುಗನ ಕಾಪಿಯಂತಾಯಿತು. ಆಮೇಲೆ ಜಾಣನಾಗಿ ಬ್ಯಾಂಕಿಗೆ ಬಂದದ್ದನ್ನೇ ಮಾರಾಟ ಅಂತ ಬರೆದೆ. ನಮ್ಮ ಆಡಿಟರ್ ನೋಡಿ ಕನ್ನಡಕ ತೆಗೆದಿಟ್ಟರು. ‘ಹಾಗಲ್ಲ ರೀ. ಕೊರಿಯರ್‌ನವರ ಹೆಸರಲ್ಲಿ ಒಂದು ಖಾತೆ ತೆಗೀರಿ. ಡೆಲಿವರಿ ಆದ ದಿನ ಪೂರ್ತಿ 499 ಅವರ ತಲೆ ಮೇಲೆ ಬರೀರಿ. ಬ್ಯಾಂಕಿಗೆ ಬಂದದ್ದನ್ನೂ ಅವರು ಹಿಡಿದ ಚಾರ್ಜನ್ನೂ ಬೇರೆ ಬೇರೆ ಕಳೀರಿ. ಎಂಟು ದಿನ ದಾಟಿದ ಮೇಲೂ ಏನಾದ್ರೂ ಉಳಿದಿದ್ರೆ, ಅದು ಎಲ್ಲೋ ಸಿಕ್ಕಿಹಾಕ್ಕೊಂಡಿದೆ ಅಂತ ಅರ್ಥ.’

ಉಳಿದಿತ್ತು. ಪಾರ್ಸಲ್ ನಂಬರ್ ಒಂದೊಂದನ್ನೇ ಹಿಡಿದು, ತಲುಪಿದವುಗಳ ಪಟ್ಟಿಯನ್ನು ದುಡ್ಡು ಬಂದವುಗಳ ಪಟ್ಟಿಯ ಪಕ್ಕ ಇಟ್ಟು, ಒಂದು ಭಾನುವಾರ ಪೂರ್ತಿ ಕೂತೆ. ತಲುಪಿ ನಲವತ್ತು ದಿನವಾದರೂ ಯಾವ ಪಾವತಿಯಲ್ಲೂ ಇಲ್ಲದ ಪಾರ್ಸಲ್ ಎರಡು. ವಾಪಸ್ ಬಂತು ಅಂತ ಚಾರ್ಜ್ ಹಿಡಿದು, ನಮ್ಮ ಮನೆಗೆ ಬಾರದೇ ಇದ್ದದ್ದು ಒಂದು. ದೂರು ಕೊಟ್ಟೆ. ‘ನಿಮ್ಮ ತಾಳ್ಮೆಗೆ ಧನ್ಯವಾದ’ ಅಂತ ಉತ್ತರ ಬಂತು. ನಾನು ತಾಳ್ಮೆ ತೋರಿಸಿರಲೇ ಇಲ್ಲ. ಹದಿನೈದು ದಿನ ಕಾಡಿದ ಮೇಲೆ 998 ರೂಪಾಯಿ ಬಂತು. ಬಾರದ ಪಾರ್ಸಲ್ಲಿಗೆ ಮಾತ್ರ ‘ನಿಮ್ಮ ವಿಳಾಸಕ್ಕೆ ತಲುಪಿದೆ’ ಅನ್ನುತ್ತಾರೆ. ಸಹಿ ಯಾರದ್ದು ತೋರಿಸಿ ಅಂದರೆ ಒಂದು ಗೀಟು ಕಳಿಸಿದ್ದಾರೆ.

ಆ ಭಾನುವಾರ ನಾನು ಕೂರದಿದ್ದರೆ? ಯಾರೂ ಕೇಳುತ್ತಿರಲಿಲ್ಲ. ಅವರ ಕಂಪ್ಯೂಟರಿಗೆ ನಾನು ಕೊಡಬೇಕಾದ ಮೂವತ್ತು ರೂಪಾಯಿ ರಾತ್ರಿ ಹನ್ನೆರಡಕ್ಕೂ ನೆನಪಿರುತ್ತದೆ. ಅವರ ಆ್ಯಪಿನಲ್ಲಿ ನನ್ನ ವ್ಯಾಲೆಟ್ ಖಾಲಿಯಾದರೆ ಬೆಳಿಗ್ಗೆ ಪಾರ್ಸಲ್ ಬುಕ್ ಆಗುವುದಿಲ್ಲ. ನನಗೆ ಕೊಡಬೇಕಾದ ಸಾವಿರ ರೂಪಾಯಿ ಮಾತ್ರ ನಾನೇ ಹುಡುಕಿ, ನಾನೇ ಸಾಬೀತು ಮಾಡಿ, ನಾನೇ ಬೇಡಬೇಕು. ಇದಕ್ಕೆ ತಮಾಷೆ ಹೊಳೆಯುತ್ತಿಲ್ಲ. ಸುಸ್ತಾಗಿದೆ.

ಹೋದ ತಿಂಗಳಿಂದ ಆರ್ಡರ್ ಮಾಡುವಾಗಲೇ 49 ರೂಪಾಯಿ ಮುಂಗಡ ಇಸ್ಕೊಳ್ಳುತ್ತಿದ್ದೇವೆ, ಉಳಿದ 450 ಬಾಗಿಲಲ್ಲಿ. ವಾಪಸ್ ಬರುವುದು ಕಡಿಮೆಯಾಗಿದೆ. ಆರ್ಡರುಗಳೂ ಕಡಿಮೆಯಾಗಿವೆ. ‘49 ತಗೊಂಡು ಓಡಿಹೋದ್ರೆ?’ ಅಂತ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. 49 ರೂಪಾಯಿಗೆ ಎಷ್ಟು ದೂರ ಓಡಬಹುದು ಅಂತ ನಾನೂ ಯೋಚಿಸಿದೆ. ಗುಬ್ಬಿಯವರೆಗೆ ಹೋಗಬಹುದು.

ಗುಬ್ಬಿಯ ಅಮ್ಮ ಇವತ್ತು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದರು. ‘ಅಣ್ಣಾ, ಪುಡಿ ಇನ್ನೊಂದ್ಸಲ ಕಳಿಸಿ. ಮುಂಗಡ ಗಿಂಗಡ ಗೊತ್ತಾಗಲ್ಲ, ಬಂದ್ಮೇಲೆ ಕೊಡ್ತೀನಿ.’ ಶನಿವಾರ ಆ ಕಡೆ ಒಂದು ಮದುವೆ ಇದೆ. ಎರಡು ಡಬ್ಬ ಚೀಲಕ್ಕೆ ಹಾಕಿಟ್ಟಿದ್ದೇನೆ. ಆ ಹಳೇ ಹಾಲಿನ ಡೈರಿ ಎಲ್ಲಿತ್ತು ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ.