ಕಡಿಮೆ ಕೊಡುವವರ ಕೃಪೆ

ಮುಂಬೈಯ ದೊಡ್ಡ ಕಂಪನಿಗಳಲ್ಲಿ ಬಿಲ್ಲಿನ ಹಣವನ್ನು ಪೂರ್ತಿ ಕೊಡುವುದು ದುಂದುಗಾರಿಕೆ ಎಂಬ ನಂಬಿಕೆ ಇದ್ದಂತಿದೆ. ಪೂರ್ತಿ ಕೊಟ್ಟುಬಿಟ್ಟರೆ ಲೆಕ್ಕಪತ್ರ ವಿಭಾಗದವರು ದಿನವಿಡೀ ಮಾಡುವುದೇನು?

ಡೊಂಬಿವಲಿಯ ನಮ್ಮ ಶೆಟ್ಟರದು ಏಸಿ ರಿಪೇರಿಯ ಸಣ್ಣ ವ್ಯವಹಾರ. ನಾಲ್ವರು ಹುಡುಗರು, ಒಂದು ಹಳೆಯ ಟೆಂಪೊ, ಭಾನುವಾರ ಲೆಕ್ಕ ಬರೆಯಲು ಹೋಗುವ ನಾನು. ಲೋವರ್ ಪರೇಲ್‌ನ ಗಾಜಿನ ಕಟ್ಟಡದ ಕಂಪನಿಯೊಂದಕ್ಕೆ ಅವರು ಕಳಿಸಿದ ಬಿಲ್ 1,18,000 ರೂಪಾಯಿಯದು: ಕೆಲಸಕ್ಕೆ ಒಂದು ಲಕ್ಷ, ಜಿಎಸ್‌ಟಿ 18,000. ಬ್ಯಾಂಕಿಗೆ ಬಂದದ್ದು 96,000. ಯಾವ ಬಿಲ್ಲಿಗೆ ಬಂತು, 22,000 ಎಲ್ಲಿ ಹೋಯಿತು ಎಂಬ ಚೀಟಿ ಇಲ್ಲ. ದೇವರ ಪ್ರಸಾದಕ್ಕೆ ಯಾರಾದರೂ ರಸೀದಿ ಕೇಳುತ್ತಾರೆಯೇ?

"ಬಂದದ್ದೇ ಪುಣ್ಯ ಮಾರಾಯರೇ, ಅವರ ಖಾತೆಗೆ ಒಟ್ಟಾಗಿ ಜಮಾ ಮಾಡಿಬಿಡಿ" ಎಂದರು ಶೆಟ್ಟರು. ನಾನು ಒಪ್ಪಲಿಲ್ಲ. ಬಿಲ್ಲಿನ ನಂಬರು ಹಾಕದೆ ಒಟ್ಟಾಗಿ ಜಮಾ ಮಾಡಿದರೆ ಪುಸ್ತಕದಲ್ಲಿ ಒಂದು ಕಡೆ ಇಡೀ ಬಿಲ್ ಬಾಕಿ, ಇನ್ನೊಂದು ಕಡೆ ಯಾರದೋ 96,000 ಜಮಾ. ಆರು ತಿಂಗಳ ಮೇಲೆ 22,000 ಯಾಕೆ ಉಳಿಯಿತು ಎಂದು ಕಂಪನಿಯವರು ನಮ್ಮನ್ನೇ ಕೇಳುತ್ತಾರೆ.

ಫೋನ್ ಮಾಡಿದೆ. ಮೂರು ದಿನ, ಮೂರು ವಿಭಾಗ, ಮೂರು ಕಾರಣ.

ಮೊದಲನೆಯವರು ಒಂದು ಸಾವಿರ ಟಿಡಿಎಸ್ ಎಂದರು. ಇದು ನ್ಯಾಯವೇ. ಶೆಟ್ಟರದು ಸ್ವಂತ ಹೆಸರಿನ ವ್ಯವಹಾರ, ಗುತ್ತಿಗೆ ಕೆಲಸಕ್ಕೆ ಒಂದು ಶೇಕಡಾ; ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆ ತೋರಿಸಿದ್ದರಿಂದ ಒಂದು ಲಕ್ಷದ ಮೇಲೆ ಮಾತ್ರ. ಕತ್ತರಿಸಿದ್ದು 1,180 ಆಗಿದ್ದರೆ ಜಿಎಸ್‌ಟಿಯ ಮೇಲೂ ಕತ್ತರಿ ಆಡಿಸಿದ್ದಾರೆಂದು ತಿಳಿಯುತ್ತಿತ್ತು. ಈ ಸಾವಿರವನ್ನು ಬಿಲ್ಲಿನಿಂದ ಇಳಿಸಿ ಟಿಡಿಎಸ್ ಖಾತೆಗೆ ಹಾಕಿದೆ. ಬಿಲ್ಲಿನಲ್ಲಿ ಅಷ್ಟು ತೀರಿತು. ಆದರೆ ಅದು ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಶೆಟ್ಟರ ಹೆಸರಿಗೆ ಕಾಣಿಸುವವರೆಗೆ ನನ್ನ ಕಣ್ಣು ಅದರ ಮೇಲೆಯೇ.

ಎರಡನೆಯವರು 18,000 ತಡೆಹಿಡಿಯಲಾಗಿದೆ ಎಂದರು. ಶೆಟ್ಟರು ಜಿಎಸ್‌ಟಿ ಕಟ್ಟುತ್ತಾರೋ ಇಲ್ಲವೋ ಎಂಬ ಸಂಶಯವಂತೆ. ಮಾರಿದವರು ದಾಖಲಿಸಿದ ಬಿಲ್ಲುಗಳನ್ನು ಕೊಂಡವರಿಗೆ ತೋರಿಸುವ ಜಿಎಸ್‌ಟಿಯ 2ಬಿ ಪಟ್ಟಿಯಲ್ಲಿ ಬಿಲ್ ಕಂಡ ಮೇಲೆ ಕೊಡುತ್ತಾರಂತೆ. ಶೆಟ್ಟರು ಮುಂದಿನ ತಿಂಗಳ 11ರೊಳಗೆ ಬಿಲ್ ದಾಖಲಿಸಿದರು. 14ಕ್ಕೆ ಪಟ್ಟಿಯಲ್ಲಿ ಕಂಡಿತು. 20ಕ್ಕೆ ಶೆಟ್ಟರು ಆ ತೆರಿಗೆಯನ್ನು, ಇನ್ನೂ ಕೈಗೆ ಬಾರದ ಹಣದ ಲೆಕ್ಕದಲ್ಲಿ, ಹೆಂಡತಿಯ ಚಿನ್ನದ ಸಾಲದಿಂದ ಕಟ್ಟಿದರು. ಅದೇ ದಿನ ಕಂಪನಿ ತನ್ನ ರಿಟರ್ನ್‌ನಲ್ಲಿ ಆ 18,000ದ ಕ್ರೆಡಿಟ್ ಪಡೆದುಕೊಂಡು ತನ್ನ ತೆರಿಗೆಯನ್ನು ಅಷ್ಟು ಇಳಿಸಿಕೊಂಡಿತು. ಹಣ ಮಾತ್ರ ಬರಲಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ. ಬಿಲ್ಲಿನ ದಿನದಿಂದ 180 ದಿನದೊಳಗೆ ಪೂರ್ತಿ ಹಣ ಕೊಡದಿದ್ದರೆ ಕೊಡದ ಪಾಲಿನ ಕ್ರೆಡಿಟ್ ಅನ್ನು ಬಡ್ಡಿ ಸಹಿತ ಹಿಂದಿರುಗಿಸಬೇಕು ಎಂದು ನೆನಪಿಸಿದೆ. "ಇನ್ನೂ ಸಮಯವಿದೆಯಲ್ಲ" ಎಂಬ ಉತ್ತರ ಬಂತು. ಈ 18,000 ಅದೇ ಬಿಲ್ಲಿನಲ್ಲಿ, ಅದೇ ಹಳೆಯ ಗಡುವಿನೊಂದಿಗೆ ಬಾಕಿ ಉಳಿಯಿತು. ಹೊಸ ತಾರೀಖು ಹಾಕಿದರೆ ಅವರ ಸಾಲಕ್ಕೆ ನಾವೇ ಯೌವನ ಕೊಟ್ಟಂತೆ.

ಮೂರನೆಯವರು 3,000 ದಂಡ ಎಂದರು. ಹುಡುಗರು ಒಂದು ದಿನ ತಡವಾಗಿ ಬಂದರಂತೆ. ಆ ದಿನ ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಓಡಿರಲಿಲ್ಲ; ಆ ಗಾಜಿನ ಕಟ್ಟಡಕ್ಕೂ ಯಾರೂ ಬಂದಿರಲಿಲ್ಲ. ಬಾರದ ಜನರಿಗಾಗಿ ಏಸಿ ತಂಪಾಗಿರಬೇಕಿತ್ತು.

"ಮೂರು ಸಾವಿರ ತಾನೇ, ಬಿಟ್ಟುಬಿಡೋಣ" ಎಂದರು ಶೆಟ್ಟರು. ಎರಡು ದಾರಿ ಇವೆ ಎಂದೆ. ತಪ್ಪು ನಮ್ಮದೆಂದು ಒಪ್ಪಿ ದರ ಇಳಿಸಿ ಕ್ರೆಡಿಟ್ ನೋಟ್ ಕೊಟ್ಟರೆ ಅದರಲ್ಲಿ ಅಡಗಿರುವ 457 ರೂಪಾಯಿ 63 ಪೈಸೆ ಜಿಎಸ್‌ಟಿಯಾದರೂ ಇಳಿಯುತ್ತದೆ, ಕಂಪನಿ ಅಷ್ಟು ಕ್ರೆಡಿಟ್ ಬಿಟ್ಟುಕೊಟ್ಟರೆ. ಸುಮ್ಮನೆ ವಸೂಲಾಗದ ಸಾಲವೆಂದು ಹೊಡೆದುಹಾಕಿದರೆ ಆ ತೆರಿಗೆಯೂ ಹೋಯಿತು. ತಪ್ಪು ನಮ್ಮದಲ್ಲವಾದರೆ ಎರಡೂ ಬೇಡ: 'ತಕರಾರು' ಎಂದು ಗುರುತು ಹಾಕಿ, ತೆರೆದೇ ಇಟ್ಟು, ಅಂದೇ ಇಮೇಲ್‌ನಲ್ಲಿ ಆಕ್ಷೇಪ ಬರೆಯುವುದು. ಶೆಟ್ಟರು ಬರೆಸಿದರು.

ಹಾಗಾಗಿ ಬಿಲ್ಲಿನಲ್ಲಿ ಉಳಿದದ್ದು 21,000. ಮಾರ್ಚ್ ಕೊನೆಗೆ ಕಂಪನಿಯಿಂದ ಪತ್ರ ಬಂತು, ಎಂಟು ತಿಂಗಳಲ್ಲಿ ಅವರಾಗಿಯೇ ಬರೆದ ಮೊದಲ ಪತ್ರ: 'ನಮ್ಮ ಪುಸ್ತಕದಲ್ಲಿ ನಿಮ್ಮ ಬಾಕಿ 18,000. ಏಳು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇವೆ.' ನಮ್ಮ ಒಂಬತ್ತು ಇಮೇಲ್‌ಗಳಿಗೆ ಉತ್ತರ ಬಾರದಿದ್ದಾಗ ನಾವೇನು ಭಾವಿಸಬೇಕಿತ್ತೋ ತಿಳಿಯದು. ಶೆಟ್ಟರು 18,000 ಎಂಬುದನ್ನು ಹೊಡೆದು 21,000 ಎಂದು ಬರೆದು, ಮೂರು ಸಾವಿರದ ವಿವರ ಲಗತ್ತಿಸಿ ಕಳಿಸಿದರು.

ಏಪ್ರಿಲ್‌ನಲ್ಲಿ ಹಣ ಬಂತು. 17,982.

"ಈ ಹದಿನೆಂಟು ರೂಪಾಯಿ ಯಾವ ವಿಭಾಗದ್ದು ಮಾರಾಯರೇ?" ಎಂದು ಶೆಟ್ಟರು ಕೇಳಿದರು. ನಾನು ಬಿಲ್ಲಿನ ಎದುರು ಬಾಕಿ 3,018 ಎಂದು ಬರೆದು ಫೋನ್ ಕೈಗೆತ್ತಿಕೊಂಡೆ.