ವಾಂತಿಯ ಮಾತ್ರೆ, ಬಿಪಿಯ ಮಾತ್ರೆ ಮತ್ತು ಇಳಿದುಹೋದ ಪೊಟ್ಯಾಸಿಯಂ

ಕಳೆದ ಮಳೆಗಾಲದಲ್ಲಿ ಅಂಕೋಲೆಯ ಹತ್ತಿರದ ಹಳ್ಳಿಯೊಂದರಿಂದ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರನ್ನು ಅವರ ಮಗ ನಮ್ಮಲ್ಲಿಗೆ ಕರೆತಂದರು. ಮೂರು ದಿನಗಳಿಂದ ವಾಂತಿ-ಭೇದಿ. ಎರಡನೆಯ ದಿನವೇ ಔಷಧದಂಗಡಿಯಿಂದ ಚೀಟಿಯಿಲ್ಲದೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಮತ್ತು ವಾಂತಿ ನಿಲ್ಲಿಸುವ ಒಂಡಾನ್ಸೆಟ್ರಾನ್ ತಂದು ಕೊಟ್ಟಿದ್ದರು. ಗಂಜಿಯ ತಿಳಿಯೂ ಹೊಟ್ಟೆಯಲ್ಲಿ ನಿಲ್ಲದಿದ್ದಾಗಲೂ ಬಿಪಿ ಮಾತ್ರೆಯನ್ನು ಮಾತ್ರ ಒಂದು ದಿನವೂ ತಪ್ಪಿಸಿರಲಿಲ್ಲ. “ಬಚ್ಚಲಿಗೆ ಹೋಗುವಾಗ ಆಯಿ ಬಿದ್ದುಬಿಟ್ಲು ಡಾಕ್ಟ್ರೇ, ನಿಶ್ಶಕ್ತಿ ಆಗಿರ್ಬೇಕು” ಎಂದರು ಮಗ. ಬಿಪಿ ಸ್ವಲ್ಪ ಕಡಿಮೆಯಿತ್ತು, ನಾಡಿ ಸರಿಯಿತ್ತು. ನಾನೂ ನಿಶ್ಶಕ್ತಿಯೆಂದೇ ಭಾವಿಸಿ ಒಂದು ಬಾಟಲಿ ಸಲೈನ್ ಹಾಕಿ ಕಳಿಸಿಬಿಡುವವನಿದ್ದೆ. ಬಿದ್ದವರಿಗೆಲ್ಲ ಇಸಿಜಿ ಮಾಡುವ ನಮ್ಮ ನರ್ಸಿನ ಅಭ್ಯಾಸ ಆ ದಿನ ನನ್ನನ್ನು ಉಳಿಸಿತು.

ಇಸಿಜಿ ಕಾಗದದಲ್ಲಿ ಒಂದು ಸಣ್ಣ ಚೌಕವೆಂದರೆ 40 ಮಿಲಿಸೆಕೆಂಡು. ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅಂತರವೇ ಕ್ಯೂಟಿ. ಹೃದಯದ ಕೆಳಗಿನ ಕೋಣೆಗಳು ಒಮ್ಮೆ ವಿದ್ಯುತ್ತಿನಿಂದ ಉದ್ದೀಪನಗೊಂಡು ಮುಂದಿನ ಬಡಿತಕ್ಕೆ ಮತ್ತೆ ಅಣಿಯಾಗಲು ಹಿಡಿಯುವ ಸಮಯ ಅದು. ಇವರಲ್ಲಿ ಅದು 12 ಚೌಕ, ಅಂದರೆ 480 ಮಿಲಿಸೆಕೆಂಡು ಇತ್ತು. ಎರಡು ಬಡಿತಗಳ ನಡುವೆ 20 ಚೌಕ, ಅಂದರೆ 0.8 ಸೆಕೆಂಡು. ನಾಡಿಯ ವೇಗಕ್ಕೆ ಸರಿಹೊಂದಿಸಲು ಕ್ಯೂಟಿಯನ್ನು ಆ 0.8ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 537 ಬರುತ್ತದೆ. ಹೆಂಗಸರಲ್ಲಿ 460 ದಾಟಿದರೆ ಉದ್ದವೆಂದೂ 500 ದಾಟಿದರೆ ಅಪಾಯವೆಂದೂ ಎಣಿಕೆ. ಲೆಕ್ಕ ಮಾಡಲು ಪುರಸೊತ್ತಿಲ್ಲದಿದ್ದರೂ, ನಾಡಿ ತೀರಾ ವೇಗವಾಗಿಯೋ ನಿಧಾನವಾಗಿಯೋ ಇಲ್ಲದಿರುವಾಗ, ಟಿ ಅಲೆ ಎರಡು ಬಡಿತಗಳ ನಡುವಿನ ಅರ್ಧದಾರಿಯನ್ನು ದಾಟಿದೆಯೇ ಎಂದು ನೋಡಿದರೆ ಸಂಶಯ ಹುಟ್ಟುವಷ್ಟಾದರೂ ತಿಳಿಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ 2.7 ಇತ್ತು, 3.5ರಿಂದ 5 ಇರಬೇಕಾದದ್ದು.

ಪ್ರತಿ ಬಡಿತದ ನಂತರ ಹೃದಯದ ಜೀವಕೋಶ ತನ್ನೊಳಗಿನ ಪೊಟ್ಯಾಸಿಯಂ ಅನ್ನು ಸಣ್ಣ ಕಂಡಿಗಳ ಮೂಲಕ ಹೊರಬಿಟ್ಟು ಶಾಂತವಾಗುತ್ತದೆ. ಅಂಥ ಕಂಡಿಗಳಲ್ಲಿ ಒಂದು ಬಗೆಯದರ ಒಳಭಾಗ ಅಗಲವಾಗಿರುವುದರಿಂದ ಒಂಡಾನ್ಸೆಟ್ರಾನ್, ಡೊಂಪೆರಿಡೋನ್, ಕ್ಲಾರಿತ್ರೊಮೈಸಿನ್, ಮಾಕ್ಸಿಫ್ಲಾಕ್ಸಸಿನ್‌ನಂಥ, ಪರಸ್ಪರ ಯಾವ ಸಂಬಂಧವೂ ಇಲ್ಲದ ಔಷಧಗಳು ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತವೆ. ಹೊರಗೆ ಪೊಟ್ಯಾಸಿಯಂ ಕಡಿಮೆಯಾದರೆ ಒಳಗಿನದು ಇನ್ನೂ ಸರಾಗವಾಗಿ ಹೊರಹೋಗಬೇಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ವಿದ್ಯಾರ್ಥಿಯಾಗಿದ್ದಾಗ ನನಗೂ ಹಾಗೆಯೇ ಅನಿಸಿತ್ತು. ಆದರೆ ಈ ಕಂಡಿಯ ಸ್ವಭಾವ ತಿರುವುಮುರುವು. ಅದು ತೆರೆದಿರಬೇಕಾದರೆ ಹೊರಗಡೆ ಒಂದಿಷ್ಟು ಪೊಟ್ಯಾಸಿಯಂ ಇರಲೇಬೇಕು; ಅದು ಇಳಿದಂತೆ ಕಂಡಿ ಬೇಗ ಮುಚ್ಚಿಕೊಳ್ಳುತ್ತದೆ, ಸೋಡಿಯಂ ಕೂಡ ಬಂದು ಅಡ್ಡ ನಿಲ್ಲುತ್ತದೆ. ಹೀಗೆ ಅರ್ಧ ಮುಚ್ಚಿದ ಕಂಡಿಗೆ ಔಷಧವೂ ಸೇರಿಕೊಂಡಾಗ ಕ್ಯೂಟಿ ಉದ್ದವಾಗುತ್ತದೆ, ಆ ನಡುವೆ ಅಕಾಲದಲ್ಲಿ ಎದ್ದ ಒಂದು ಬಡಿತ ಇನ್ನೂ ಅಣಿಯಾಗದ ಹೃದಯದ ಮೇಲೆ ಬಿದ್ದರೆ, ಅಲೆಗಳು ಹಗ್ಗ ಹೊಸೆದಂತೆ ತಿರುಚಿಕೊಳ್ಳುವ ಟೊರ್ಸಾಡ್ ಎಂಬ ಓಟ ಶುರುವಾಗುತ್ತದೆ. ಎಷ್ಟೋ ಸಲ ಅದು ಕೆಲವು ಸೆಕೆಂಡುಗಳಲ್ಲಿ ತಾನಾಗಿ ನಿಂತು ರೋಗಿ ಎದ್ದು ಕೂರುತ್ತಾನೆ, ಮನೆಯವರು ಅದನ್ನು ತಲೆಸುತ್ತು ಎನ್ನುತ್ತಾರೆ. ನಿಲ್ಲದಿದ್ದರೆ ಪ್ರಾಣ ಹೋಗುತ್ತದೆ.

ಈ ಆಯಿಯ ಪೊಟ್ಯಾಸಿಯಂ ಭೇದಿಯಲ್ಲಿ ಹೋಗಿತ್ತು. ಜೊತೆಗೆ ಅವರ ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಒಂದು ಎಚ್ ಅಕ್ಷರವಿತ್ತು. ಅದು ಹೈಡ್ರೊಕ್ಲೋರೊಥಯಜೈಡ್, ಮೂತ್ರದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಎರಡನ್ನೂ ಕಳೆಯುವ ಔಷಧ. ನನ್ನ ತಕರಾರು ಇರುವುದು ಇಲ್ಲಿಯೇ. ಆರೋಗ್ಯವಂತ ಹುಡುಗನಿಗೆ ವಾಂತಿಗೆಂದು ಕೊಡುವ ಒಂದು ಒಂಡಾನ್ಸೆಟ್ರಾನ್ ಮಾತ್ರೆಗೆ ನಾನು ಹೆದರುವುದಿಲ್ಲ, ಯಾರೂ ಹೆದರಬೇಕಿಲ್ಲ. ಆದರೆ ವಯಸ್ಸಾದವರಿಗೆ, ಅದರಲ್ಲೂ ಹೆಂಗಸರಿಗೆ, “ಬಿಪಿಗೆ ಯಾವ ಮಾತ್ರೆ, ಎಷ್ಟು ದಿನದಿಂದ ಭೇದಿ” ಎಂದು ಕೇಳದೆ ಅದೇ ಮಾತ್ರೆಯ ಜೊತೆಗೆ ಆಂಟಿಬಯಾಟಿಕ್ ಸೇರಿಸಿ ಕೊಡುವುದನ್ನು ಮಾತ್ರ ಒಪ್ಪಲಾರೆ. ಕ್ಯೂಟಿಯನ್ನು ಉದ್ದ ಮಾಡಬಲ್ಲ ಅಜಿತ್ರೊಮೈಸಿನ್ ನೀರಿನಂಥ ಸಾಮಾನ್ಯ ಭೇದಿಗೆ ಬಹುತೇಕ ಬೇಕಾಗಿಯೇ ಇರುವುದಿಲ್ಲ. ಬೇಡದ್ದನ್ನು ನುಂಗಿದ ಮೇಲೆ ಅದು ಆ ದಿನವೇ ದೇಹ ಬಿಟ್ಟು ಹೋಗುವುದೂ ಇಲ್ಲ, ದೇಹದಲ್ಲಿ ಅದು ಅರ್ಧಕ್ಕಿಳಿಯಲೇ ಸುಮಾರು 68 ಗಂಟೆ ಬೇಕು.

ಎರಡೂ ಔಷಧಗಳನ್ನು, ಬಿಪಿ ಮಾತ್ರೆಯನ್ನು ನಿಲ್ಲಿಸಿ, ಮಾನಿಟರಿಗೆ ಜೋಡಿಸಿ, ಮೊದಲು 2 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ರಕ್ತನಾಳಕ್ಕೆ ಕೊಟ್ಟೆವು. ಮೆಗ್ನೀಸಿಯಂ ಕಡಿಮೆಯಿದ್ದರೆ ಎಷ್ಟು ಪೊಟ್ಯಾಸಿಯಂ ಹಾಕಿದರೂ ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರುತ್ತದೆ. ಪೊಟ್ಯಾಸಿಯಂ ಅನ್ನು ಡ್ರಿಪ್‌ನಲ್ಲಿ ಗಂಟೆಗೆ 10 ಮಿಲಿಮೋಲ್ ಮೀರದಂತೆ ನಿಧಾನವಾಗಿಯೇ ಕೊಡಬೇಕು. ಅವಸರಪಟ್ಟರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ಮೂರನೆಯ ದಿನ ಪೊಟ್ಯಾಸಿಯಂ 4.1ಕ್ಕೆ ಬಂತು, ಸರಿಹೊಂದಿಸಿದ ಕ್ಯೂಟಿ 450ಕ್ಕೆ ಇಳಿಯಿತು. ನಮ್ಮ ಕರಾವಳಿಯಿಂದ ದೊಡ್ಡ ಆಸ್ಪತ್ರೆಯೆಂದರೆ ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿ. ಆ ದಾರಿಯಲ್ಲಿ ಆಂಬುಲೆನ್ಸಿನೊಳಗೆ ಟೊರ್ಸಾಡ್ ಶುರುವಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ನನಗೆ ಇಷ್ಟವಿಲ್ಲ.

ಮನೆಗೆ ಹೊರಡುವಾಗ ಮಗ ಸಿಯಾಳ ಕೊಡಬಹುದೇ ಎಂದು ಕೇಳಿದರು. ಇವರಿಗೆ ಧಾರಾಳವಾಗಿ ಕೊಡಬಹುದು, ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ. ಆದರೆ ಸೋಡಿಯಂ ಕಡಿಮೆಯಿರುವುದರಿಂದ ಭೇದಿಯಾದಾಗ ಓಆರ್‌ಎಸ್‌ನ ಬದಲಿಗೆ ಅದೊಂದೇ ಸಾಲದು ಎಂದೆ. ಪಕ್ಕದ ಹಾಸಿಗೆಯಲ್ಲಿ ಮೂತ್ರಪಿಂಡದ ಕಾಯಿಲೆಯವರೊಬ್ಬರು ಇದನ್ನು ಕೇಳಿಸಿಕೊಂಡು ತಮಗೂ ತರಿಸಲು ಹೊರಟಿದ್ದರು. ಅವರ ಪೊಟ್ಯಾಸಿಯಂ ಆಗಲೇ 5.6 ಇತ್ತು. ಅವರನ್ನು ತಡೆಯಬೇಕಾಯಿತು.